ಮೂರು ಟರ್ಮು, ಮೂರು ಸಭೆ

ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯ ಕನ್ನಡ ಶಾಲೆಗಳಲ್ಲಿ ‘ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ’ ಎಂದರೆ ಮಗುವಿನ ಮುಖ ಬಾಡುತ್ತಿದ್ದ ಕಾಲವೊಂದಿತ್ತು. ಅಪ್ಪ ಬರುತ್ತಿದ್ದುದು ದೂರು ಕೇಳುವುದಕ್ಕೆ. ಬಾಗಿಲ ಹೊರಗೇ ನಿಂತು ಕೇಳಿ, ಮಗನಿಗೆ ಒಂದೇಟು ಕೊಟ್ಟು, ಕೂಲಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದ. ಈ ವರ್ಷ ಮಗ ಏನು ಕಲಿಯುತ್ತಾನೆ ಎಂದು ಅವನಿಗೆ ಹೇಳಿದವರಿಲ್ಲ.

ತಳಿ ಕಡೆಯ ಹಳ್ಳಿಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಇದು ಬದಲಾದದ್ದನ್ನು ಕಣ್ಣಾರೆ ಕಂಡವರು. 2012-13ರಲ್ಲಿ ತಮಿಳುನಾಡು ಸರ್ಕಾರ ಒಂದರಿಂದ ಎಂಟನೆಯ ತರಗತಿಯವರೆಗೆ ವರ್ಷವನ್ನು ಮೂರು ಟರ್ಮುಗಳಾಗಿ ಒಡೆಯಿತು. ದಪ್ಪ ಪುಸ್ತಕಗಳ ಬದಲು ಟರ್ಮಿಗೊಂದರಂತೆ ತೆಳು ಪುಸ್ತಕ ಬಂತು. ನೂರರಲ್ಲಿ 60 ಅಂಕ ಟರ್ಮಿನ ಕೊನೆಯ ಪರೀಕ್ಷೆಗೆ, ಉಳಿದ 40 ತರಗತಿಯ ಚಟುವಟಿಕೆ ಮತ್ತು ಸಣ್ಣ ಪರೀಕ್ಷೆಗಳಿಗೆ. ಚೀಲ ಹಗುರವಾಯಿತೆಂದು ಮನೆಯವರು ಸಂತೋಷಪಟ್ಟರು, ಆದರೆ ಆ 40 ಏನೆಂದು ತಿಳಿಯದೆ ತಬ್ಬಿಬ್ಬಾದರು. ಕೆಲವರು ಅಂಗಡಿಯಿಂದ ಬಣ್ಣದ ಚಾರ್ಟು ಕೊಂಡು ಕಳಿಸಿದರು. ಇನ್ನು ಕೆಲವರ ಮನೆಯಲ್ಲಿ ಅಣ್ಣನೇ ಮಾದರಿ ಮಾಡಿಕೊಟ್ಟ. ಮಗುವಿನ ಕೈಗೆ ಕೆಲಸವೇ ಸಿಗಲಿಲ್ಲ.

ಆಗ ಮೇಷ್ಟ್ರಿಗೆ ಹೊಳೆದದ್ದು ಇಷ್ಟೇ: ಟರ್ಮು ಶುರುವಾದ ಎರಡನೆಯ ವಾರದಲ್ಲಿ ಇಡೀ ತರಗತಿಯ ತಂದೆ ತಾಯಂದಿರನ್ನು ಒಟ್ಟಿಗೆ ಕೂರಿಸಬೇಕು, ಒಬ್ಬರ ಮಗುವಿನ ತಪ್ಪನ್ನೂ ಅಲ್ಲಿ ಎತ್ತಬಾರದು.

ಕಷ್ಟವಾದದ್ದು ಹೊತ್ತು ಗೊತ್ತುಮಾಡುವುದು. ಮಧ್ಯಾಹ್ನದ ಸಭೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಲ್ಲಿ ಅಪ್ಪಂದಿರಿಗೆ ಶಿಫ್ಟು, ಗುಲಾಬಿಯ ಪಾಲಿಹೌಸುಗಳಲ್ಲಿ ಅಮ್ಮಂದಿರಿಗೆ ಸಂಜೆಯವರೆಗೂ ಕೆಲಸ. ಜೂನಿನಲ್ಲಿ ಕೃಷ್ಣಗಿರಿಯ ಮಾವು, ವರ್ಷದ ಕೊನೆಗೆ ರಾಗಿ ಕೊಯ್ಲು, ಫೆಬ್ರವರಿ ಹತ್ತಿರವಾದರೆ ಗುಲಾಬಿಗೆ ಎಲ್ಲಿಲ್ಲದ ಬೇಡಿಕೆ. ಹಾಗಾಗಿ ಕರೆಯುವ ಮೊದಲೇ ಮೇಷ್ಟ್ರು ಮಕ್ಕಳ ಕೈಯಲ್ಲಿ ಒಂದು ಪ್ರಶ್ನೆ ಕಳಿಸಿದರು: ಮನೆಗೆ ಬರುವುದು ಎಷ್ಟು ಹೊತ್ತಿಗೆ? ಹೆಚ್ಚು ಮಂದಿಗೆ ಒಗ್ಗಿದ್ದು ಶನಿವಾರ ಸಂಜೆ ಐದೂವರೆ.

ಚೀಟಿಯನ್ನು ಮಕ್ಕಳೇ ಬರೆದರು: ‘ಅಪ್ಪ, ಅಮ್ಮ, ಶನಿವಾರ ಸಂಜೆ ಐದೂವರೆಗೆ ನಮ್ಮ ನಾಲ್ಕನೇ ಕ್ಲಾಸಿಗೆ ಬನ್ನಿ. ಈ ಟರ್ಮಿನಲ್ಲಿ ನಾವು ಏನು ಕಲಿಯುತ್ತೇವೆ, ಮನೆಯಲ್ಲಿ ನೀವು ಏನು ಮಾಡಬಹುದು ಎಂದು ಮೇಷ್ಟ್ರು ಹೇಳುತ್ತಾರೆ. ಒಂದು ಗಂಟೆ ಸಾಕು. ದುಡ್ಡಿನ ವಿಷಯ ಇಲ್ಲ. ನಿಮಗೆ ಕೇಳಬೇಕಾದ್ದನ್ನು ಕೆಳಗಿನ ಸಾಲಿನಲ್ಲಿ ಬರೆಸಿ ಕಳಿಸಿ.’ ಓದು ಬಾರದ ಮನೆಯಲ್ಲಿ ಮಗುವೇ ಓದಿ ಹೇಳಿತು. ‘ದುಡ್ಡಿನ ವಿಷಯ ಇಲ್ಲ’ ಎಂಬ ಮಾತಿಗೇ ಅರ್ಧ ಜನ ಬಂದರೆಂದು ಮೇಷ್ಟ್ರು ಈಗಲೂ ನಂಬುತ್ತಾರೆ.

ಸಭೆಯ ಕ್ರಮವನ್ನು ಹಲಗೆಯ ಮೇಲೆ ಬರೆದಿದ್ದರು. ಮೊದಲ ಹತ್ತು ನಿಮಿಷ ಹೊಸ ಪುಸ್ತಕಗಳು ಕೈಯಿಂದ ಕೈಗೆ. ಆಮೇಲೆ ಇಪ್ಪತ್ತು ನಿಮಿಷ ತಿಂಗಳುವಾರು ಪಾಠಗಳು, 40 ಅಂಕದ ಲೆಕ್ಕ, ಚಾರ್ಟು ಕೊಳ್ಳಬೇಡಿ ಎಂಬ ವಿನಂತಿ. ಮುಂದಿನ ಇಪ್ಪತ್ತು ನಿಮಿಷ ಮನೆಯ ಕೆಲಸಕ್ಕೆ, ಕೊನೆಯ ಹತ್ತು ಚೀಟಿಯಲ್ಲಿ ಬಂದ ಪ್ರಶ್ನೆಗಳಿಗೆ. ತಮ್ಮ ಮಗುವಿನ ಬಗ್ಗೆ ಮಾತಾಡಬೇಕಾದವರು ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ.

ಸಭೆಯ ಜೀವ ಇದ್ದದ್ದು ಮೂರನೆಯ ಭಾಗದಲ್ಲಿ. ‘ನಂಗೇ ಅಕ್ಷರ ಬರಲ್ಲ ಸಾರ್, ನಾನೇನು ಹೇಳ್ಕೊಡ್ಲಿ?’ ಎಂದು ತಾಯೊಬ್ಬರು ಕೇಳಿದರು. ಮೇಷ್ಟ್ರು ಅವರ ಪಕ್ಕ ಒಂದು ಮಗುವನ್ನು ಕೂರಿಸಿ ಅರ್ಧ ಪುಟ ಓದಿಸಿದರು. ‘ನೀವು ಹೇಳ್ಕೊಡ್ಬೇಡಿ ತಾಯಿ, ಕೇಳಿಸ್ಕೊಳ್ಳಿ. ಬೆರಳು ಎಲ್ಲಿ ನಿಲ್ಲುತ್ತೆ ನೋಡಿ. ಓದಿ ಆದ್ಮೇಲೆ ಪುಸ್ತಕ ಮುಚ್ಚಿಸಿ ಕತೆ ಹೇಳು ಅನ್ನಿ. ಯಾರು ಬಂದ್ರು, ಎಲ್ಲಿಗೆ ಹೋದ್ರು, ಆಮೇಲೆ ಏನಾಯ್ತು?’ ಬೆರಳು ದಿನವೂ ಒತ್ತಕ್ಷರದ ಹತ್ತಿರ ನಿಂತರೆ ಅಕ್ಷರದ ತೊಡಕು. ಗಡಗಡ ಓದಿಯೂ ಕತೆ ಹೇಳಲಾಗದಿದ್ದರೆ ಮಗುವಿಗೆ ಅರ್ಥವಾಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ, ಯಾವುದೆಂದು ತಿಳಿಸಿದರೆ ಸಾಕು, ಉಳಿದದ್ದು ಮೇಷ್ಟ್ರ ಪಾಲು. ರಾತ್ರಿ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ.

ತಮಿಳಿನ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತಿತ್ತು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಗಡಿಯ ಕನ್ನಡ, ತೆಲುಗು ಮನೆಗಳಲ್ಲಿ ಆ ಆತಂಕ ಸಹಜ. ಪಾಠ ಕನ್ನಡದಲ್ಲಿ, ಜೊತೆಗೆ ತಮಿಳು, ಇಂಗ್ಲಿಷು, ಕೆಲವರ ಮನೆಮಾತು ತೆಲುಗು. ಹೊಸೂರಿಗೆ ಹೋಗುವ ಬಸ್ಸಿನ ಬೋರ್ಡನ್ನು, ರೇಷನ್ ಅಂಗಡಿಯ ಫಲಕವನ್ನು ಮಗುವಿನ ಕೈಲೇ ಓದಿಸಿ ಎಂದು ಮೇಷ್ಟ್ರು ಹೇಳುತ್ತಿದ್ದರು. ತಮಿಳಿಗೆಂದು ಕನ್ನಡದ ಓದು ನಿಲ್ಲಿಸಿದವರ ಮಕ್ಕಳು ಎರಡರಲ್ಲೂ ಹಿಂದೆ ಬಿದ್ದದ್ದನ್ನು ಅವರು ನೋಡಿದ್ದರು.

2022ರ ಮಾರ್ಚ್ 20ರಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಪೋಷಕರ ಸಭೆ ನಡೆದು, ಶಾಲಾ ನಿರ್ವಹಣಾ ಸಮಿತಿಗಳನ್ನು ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಅದು ಒಳ್ಳೆಯದೇ. ಆದರೆ ಸಮಿತಿ ನೋಡುವುದು ಇಡೀ ಶಾಲೆಯನ್ನು: ಕಟ್ಟಡ, ಶೌಚಾಲಯ, ಹಾಜರಿ. ನಾಲ್ಕನೇ ಕ್ಲಾಸಿಗೆ ಈ ತಿಂಗಳು ಯಾವ ಪಾಠ ಎಂಬುದಕ್ಕೆ ಅಲ್ಲಿ ಬಿಡುವಿರುವುದಿಲ್ಲ. ಚೀಟಿಯ ಜಾಗಕ್ಕೆ ಈಗ ವಾಟ್ಸ್ಯಾಪ್ ಸಂದೇಶ ಬಂದಿದೆ. ಫೋನು ಅಪ್ಪನ ಜೊತೆ ಶಿಫ್ಟಿಗೆ ಹೋದರೆ ಅಮ್ಮನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಸಂದೇಶ ಕಳಿಸುವ ಟೀಚರುಗಳು ಮಗುವಿನ ಕೈಯಲ್ಲಿ ಒಂದು ಚೀಟಿಯನ್ನೂ ಬರೆಸಿ ಕಳಿಸಲಿ, ಪ್ರಶ್ನೆಗೆಂದು ಕೆಳಗೆ ಒಂದು ಸಾಲು ಖಾಲಿ ಬಿಡಲಿ.