ನಂಬರ್ ಹೊರಟಿತು, ಪ್ಯಾಕ್ ಅಲ್ಲೇ ಉಳಿಯಿತು

ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಬಣ್ಣದ ಕೊಡೆ ನೆಟ್ಟು, ಮಡಚುವ ಮೇಜು ಹಾಕಿಕೊಂಡು ಸಿಮ್ ಮಾರುವ ಹುಡುಗರನ್ನು ನೀವೂ ನೋಡಿರುತ್ತೀರಿ. ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ ಸಿಮ್ ಕಾರ್ಡುಗಳ ಕಟ್ಟು, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪುಟ್ಟ ಯಂತ್ರ. "ಪೋರ್ಟ್ ಮಾಡ್ಸಿ ಸಾರ್, ನಂಬರ್ ಅದೇ ಇರುತ್ತೆ" ಅಂತ ಕರೆಯುತ್ತಾರೆ. ಅವರು ಹೇಳುವುದು ಪೂರ್ತಿ ನಿಜ. ಆದರೆ ಆ ನಂಬರಿನ ಮೇಲೆ ನಾವು ಈಗಾಗಲೇ ಕಟ್ಟಿರುವ ದುಡ್ಡು ಏನಾಗುತ್ತದೆ ಅಂತ ಅವರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ.

ಈ ಸೌಲಭ್ಯ ನಮ್ಮ ದೇಶದಲ್ಲಿ ಮೊದಲು ಶುರುವಾದದ್ದು ಹರಿಯಾಣದಲ್ಲಿ, 2010ರ ನವೆಂಬರಿನಲ್ಲಿ. 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. ಆಗಲೂ ಒಂದು ತೊಡಕಿತ್ತು. ಕಂಪನಿ ಬದಲಾಯಿಸಬಹುದಿತ್ತು, ಸರ್ಕಲ್ ಬದಲಾಯಿಸುವಂತಿರಲಿಲ್ಲ. ಹುಬ್ಬಳ್ಳಿಯಿಂದ ಮುಂಬೈಗೆ ಕೆಲಸಕ್ಕೆ ಹೋದವರು ಊರಿನ ನಂಬರನ್ನು ರೋಮಿಂಗಿನಲ್ಲಿ ಎಳೆದಾಡಬೇಕಿತ್ತು, ಇಲ್ಲವೇ ಬಿಟ್ಟು ಹೊಸದು ತಗೋಬೇಕಿತ್ತು. 2015ರ ಜುಲೈನಲ್ಲಿ ಆ ಗೋಡೆಯೂ ಹೋಯಿತು. ಇವತ್ತು ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗು ಎಲ್ಲವೂ ಒಂದೇ ನಂಬರಿಗೆ ಅಂಟಿಕೊಂಡಿರುವಾಗ, ನಂಬರ್ ಉಳಿಸಿಕೊಂಡು ಕಂಪನಿ ಬಿಡುವ ಹಕ್ಕು ಎಷ್ಟು ದೊಡ್ಡದು ಅಂತ ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಎಷ್ಟೋ ಜನ ಬಿಎಸ್ಸೆನ್ನೆಲ್ ಕಡೆ ತಿರುಗಿದ್ದು ಈ ಹಕ್ಕಿನಿಂದಲೇ.

ಸರಿ, ದುಡ್ಡಿನ ಮಾತಿಗೆ ಬರೋಣ. ಪೋರ್ಟ್ ಆದಾಗ ನಿಜವಾಗಿ ಬದಲಾಗುವುದು ಒಂದೇ ಒಂದು ದಾಖಲೆ: ಈ ನಂಬರಿಗೆ ಬಂದ ಕರೆ ಇನ್ನು ಮುಂದೆ ಯಾವ ಕಂಪನಿಯ ಜಾಲಕ್ಕೆ ಹೋಗಬೇಕು ಅನ್ನುವುದು. ನಿಮ್ಮ ಪ್ಯಾಕು, ವ್ಯಾಲಿಡಿಟಿ, ಮಿಕ್ಕ ಜಿಬಿ, ಟಾಕ್‌ಟೈಮು ಇವೆಲ್ಲ ಹಳೇ ಕಂಪನಿಯ ಲೆಕ್ಕದ ಪುಸ್ತಕದಲ್ಲಿರುವ ಬಾಬ್ತುಗಳು. ಆ ಪುಸ್ತಕ ಹೊಸ ಕಂಪನಿಗೆ ಹೋಗುವುದಿಲ್ಲ. ಬಾಡಿಗೆ ಮನೆಯನ್ನು ತಿಂಗಳ ನಡುವೆ ಬಿಟ್ಟರೆ ಉಳಿದ ದಿನಗಳ ಬಾಡಿಗೆ ಹೊಸ ಮನೆಗೆ ಜಮೆಯಾಗದು, ಹಾಗೆ. ಪ್ರೀಪೇಯ್ಡ್ ಆಗಿದ್ದರೆ ಉಳಿದದ್ದೆಲ್ಲ ಅಲ್ಲಿಗೇ ಮುಗಿಯಿತು, ವಾಪಸ್ ಕೇಳುವಂತಿಲ್ಲ. 84 ದಿನದ ಪ್ಯಾಕಿಗೆ 840 ರೂಪಾಯಿ ಹಾಕಿಸಿ 34ನೇ ದಿನ ಪೋರ್ಟ್ ಆದರೆ, 50 ದಿನಗಳ 500 ರೂಪಾಯಿ ಹೋಯಿತು ಅಂತಲೇ ಲೆಕ್ಕ. ಮುಂದಿನ ಸಲಕ್ಕೆಂದು ಮೊದಲೇ ಹಾಕಿಸಿ ಸಾಲಿನಲ್ಲಿ ನಿಲ್ಲಿಸಿದ ರೀಚಾರ್ಜಿಗೂ ಅದೇ ಗತಿ. ವರ್ಷದ ಪ್ಯಾಕ್ ಹಾಕಿಸಿದವರಿಗೆ ಪೆಟ್ಟು ಇನ್ನೂ ಜೋರು.

ಹಾಗಾಗಿ ಪ್ರೀಪೇಯ್ಡಿನವರಿಗೆ ಹೊತ್ತು ನೋಡಿ ಹೊರಡುವುದೇ ಮುಖ್ಯ. PORT ಅಂತ ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಎಂಟು ಅಕ್ಷರ-ಅಂಕಿಗಳ ಯುಪಿಸಿ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯಸ್ಸು ನಾಲ್ಕು ದಿನ. ಅಷ್ಟರೊಳಗೆ ಹೊಸ ಕಂಪನಿಗೆ ಅರ್ಜಿ ಕೊಟ್ಟರೆ, ಒಂದೇ ಸರ್ಕಲ್ಲಿನೊಳಗಾದರೆ ಮೂರು ಕೆಲಸದ ದಿನ, ಸರ್ಕಲ್ ದಾಟುವುದಾದರೆ ಐದು. ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ. ನಾನಾದರೆ ಪ್ಯಾಕ್ ಮುಗಿಯಲು ಐದಾರು ದಿನ ಇರುವಾಗ ಅರ್ಜಿ ಕೊಡುತ್ತೇನೆ. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ CANCEL ಅಂತ ಬರೆದು, ನಂಬರ್ ಸೇರಿಸಿ ಅದೇ 1900ಕ್ಕೆ ಕಳಿಸಬಹುದು. ಆಮೇಲೆ ಹಿಂದೆ ಬರಬೇಕೆಂದರೆ 90 ದಿನ ಕಾಯಬೇಕು.

ನನಗೆ ಹೆಚ್ಚು ಕಳವಳವಿರುವುದು ಪೋಸ್ಟ್‌ಪೇಯ್ಡಿನವರ ಬಗ್ಗೆ. ಪ್ರೀಪೇಯ್ಡಿನಲ್ಲಿ ಹೋಗುವುದು ದುಡ್ಡು ಮಾತ್ರ, ಇಲ್ಲಿ ನಂಬರಿಗೇ ಕುತ್ತು ಬರಬಹುದು. ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಪ್ರಸಂಗವನ್ನೇ ಹೇಳುತ್ತೇನೆ. ಅವರ ಬಿಲ್ ಹನ್ನೊಂದನೇ ತಾರೀಖಿಗೆ ಬರುತ್ತಿತ್ತು, ತಿಂಗಳ ಬಾಡಿಗೆ 500, ಮೇಲೆ ಜಿಎಸ್‌ಟಿ. ಬಂದ ಬಿಲ್ ಕಟ್ಟಿದರು, ಯುಪಿಸಿ ಸಲೀಸಾಗಿ ಬಂತು, 24ಕ್ಕೆ ಪೋರ್ಟ್ ಆಯಿತು. ಬಾಕಿ ಇದ್ದಿದ್ದರೆ ಕೋಡೇ ಬರುತ್ತಿರಲಿಲ್ಲ, ಕೋಡ್ ಬಂತು ಅಂದಮೇಲೆ ಲೆಕ್ಕ ಚುಕ್ತಾ ಅಂತ ಅವರು ತಿಳಿದರು. ತಿಳಿದದ್ದರಲ್ಲಿ ಅರ್ಧ ಸರಿ. ಕೋಡ್ ಕೊಡುವ ಮುನ್ನ ನೋಡುವುದು ಆಗಲೇ ಹೊರಟಿರುವ ಬಿಲ್ಲುಗಳ ಬಾಕಿಯನ್ನು ಮಾತ್ರ. 11ರಿಂದ 24ರವರೆಗಿನ 14 ದಿನಗಳ ಬಾಡಿಗೆಗೆ ಬಿಲ್ಲೇ ಆಗಿರಲಿಲ್ಲ. ದಿನದ ಲೆಕ್ಕದಲ್ಲಿ ಅದು 233 ರೂಪಾಯಿ ಚಿಲ್ಲರೆ, ತೆರಿಗೆ ಸೇರಿ ಸುಮಾರು 275. ಆ ಕೊನೆಯ ಬಿಲ್ ಆಮೇಲೆ ಬಂತು. ಹೋದದ್ದು ಮೇಷ್ಟ್ರು ಎಂದೂ ತೆರೆಯದ ಹಳೇ ಇಮೇಲಿಗೆ.

ಕಟ್ಟದೇ ಬಿಟ್ಟರೆ ಹಳೇ ಕಂಪನಿ ಸುಮ್ಮನಿರಬೇಕಿಲ್ಲ. ಬಾಕಿ ಇದೆ, ಈ ನಂಬರ್ ನಿಲ್ಲಿಸಿ ಅಂತ ಹೊಸ ಕಂಪನಿಗೆ ಕೋರಿಕೆ ಕಳಿಸಲು ನಿಯಮದಲ್ಲೇ ದಾರಿ ಇದೆ. ಹೊಸ ಕಂಪನಿ ನೋಟಿಸ್ ಕೊಡುತ್ತದೆ, ಆಮೇಲೂ ಕಟ್ಟದಿದ್ದರೆ ಸಂಪರ್ಕ ಕಡಿಯುತ್ತದೆ. ಹೊಸ ಕಂಪನಿಯ ಹಣವನ್ನು ಪೈಸೆ ಬಾಕಿಯಿಲ್ಲದೆ ಕಟ್ಟಿದ್ದರೂ ಇದು ತಪ್ಪದು. ಮೇಷ್ಟ್ರಿಗೆ ನೋಟಿಸಿನ ಮೆಸೇಜ್ ಬಂದಾಗ ಮಗಳು, "ಅಪ್ಪಾ, ಇದು ಮೋಸದ ಮೆಸೇಜು, ಮುಟ್ಟಬೇಡಿ" ಅಂದಳು. ಈ ಕಾಲದಲ್ಲಿ ಹಾಗನ್ನಿಸುವುದು ಸಹಜ. ಮೆಸೇಜಿನ ಲಿಂಕ್ ಒತ್ತದಿರುವುದೂ ಒಳ್ಳೆಯದೇ. ಆದರೆ ಅಷ್ಟಕ್ಕೇ ಬಿಡಬಾರದು. ಹಳೇ ಕಂಪನಿಯ ಅಂಗಡಿಗೋ ಕಸ್ಟಮರ್ ಕೇರಿಗೋ ನಾವೇ ಹೋಗಿ, ಈ ನಂಬರಿನ ಮೇಲೆ ಕೊನೆಯ ಬಿಲ್ ಉಂಟೇ ಅಂತ ಕೇಳಬೇಕು. ಮೇಷ್ಟ್ರು ಹಾಗೇ ಕೇಳಿ, ಕಟ್ಟಿ, ರಸೀದಿ ತಂದು ಫೈಲಿಗೆ ಹಾಕಿದರು. ನಂಬರ್ ಉಳಿಯಿತು.

ಇನ್ನು ಆಟೋಪೇ. ಯುಪಿಐ ಆ್ಯಪಿನಲ್ಲೋ ಕಾರ್ಡಿನಲ್ಲೋ ನಾವು ಕೊಟ್ಟಿರುವ ಒಪ್ಪಿಗೆ ಬ್ಯಾಂಕಿನ ಮೂಲಕ ನಡೆಯುವಂಥದ್ದು. ನಂಬರ್ ಪೋರ್ಟ್ ಆಯಿತು ಅಂತ ಬ್ಯಾಂಕಿಗೆ ಯಾರೂ ತಿಳಿಸುವುದಿಲ್ಲ. ಪ್ರೀಪೇಯ್ಡಿನವರು ಪೋರ್ಟ್ ಅರ್ಜಿ ಕೊಡುವ ದಿನವೇ ಆ್ಯಪಿನ ಆಟೋಪೇ ಪಟ್ಟಿಗೆ ಹೋಗಿ ಹಳೇ ಕಂಪನಿಯ ಹೆಸರಿನದನ್ನು ರದ್ದು ಮಾಡಬೇಕು. ಇಲ್ಲದಿದ್ದರೆ ಪೋರ್ಟ್ ಆಗುವ ಹಿಂದಿನ ದಿನ ಹೊಸ 84 ದಿನದ ಪ್ಯಾಕ್ ತಾನಾಗಿ ಬಿದ್ದುಬಿಡಬಹುದು. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸೂಚನೆ ಬರಬೇಕೆಂಬ ನಿಯಮವೇನೋ ಇದೆ. ಬರುವ ನೂರು ಮೆಸೇಜುಗಳಲ್ಲಿ ಅದು ನಮ್ಮ ಕಣ್ಣಿಗೆ ಬೀಳಬೇಕಲ್ಲ. ಪೋಸ್ಟ್‌ಪೇಯ್ಡಿನವರಿಗೆ ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಕೊನೆಯ ಬಿಲ್ ಬಂದು ತೀರುವವರೆಗೆ ಆಟೋಪೇ ಇರಲಿ, ಆಮೇಲೆ ತೆಗೆಯಿರಿ. ಮೇಷ್ಟ್ರಿಗೆ ಆಟೋಪೇ ಇದ್ದಿದ್ದರೆ ಆ 275 ರೂಪಾಯಿ ತಾನೇ ಕಟ್ಟಿಹೋಗುತ್ತಿತ್ತೋ ಏನೋ. ಜತೆಗೆ ಪೋರ್ಟಿಗೆ ಮುನ್ನ ಹಳೇ ಕಂಪನಿಯ ಆ್ಯಪಿಗೆ ಹೋಗಿ ಇಮೇಲ್ ಮತ್ತು ಬಿಲ್ ವಿಳಾಸ ಸರಿಮಾಡಿಕೊಳ್ಳಿ, ಹಿಂದಿನ ಬಿಲ್ಲುಗಳನ್ನು ಇಳಿಸಿಕೊಳ್ಳಿ. ನಂಬರ್ ಹೋದಮೇಲೆ ಆ ಆ್ಯಪ್ ನಿಮ್ಮನ್ನು ಒಳಗೆ ಬಿಡುತ್ತದೆಂಬ ಖಾತ್ರಿಯಿಲ್ಲ.

ಮನೆಮಂದಿಯೆಲ್ಲ ಒಂದೇ ಫ್ಯಾಮಿಲಿ ಪ್ಲಾನಿನಲ್ಲಿದ್ದರೆ, ಮುಖ್ಯ ನಂಬರ್ ಯಾರದ್ದು, ಅದು ಹೊರಟರೆ ಉಳಿದವರು ಯಾವ ಪ್ಲಾನಿಗೆ ಬೀಳುತ್ತಾರೆ ಅಂತ ಮೊದಲೇ ಕೇಳಿಡಬೇಕು. ಒಂದೊಂದು ಕಂಪನಿಯದು ಒಂದೊಂದು ಷರತ್ತು. ಪೋಸ್ಟ್‌ಪೇಯ್ಡ್ ತಗೊಳ್ಳುವಾಗ ಡಿಪಾಸಿಟ್ ಇಟ್ಟಿದ್ದರೆ ಕೊನೆಯ ಬಿಲ್ ಕಟ್ಟುವಾಗಲೇ ಅದನ್ನೂ ಕೇಳಿ. ಹತ್ತು ವರ್ಷದ ಹಿಂದೆ ಇಟ್ಟ ಆ ದುಡ್ಡಿನ ನೆನಪು ನಮಗಿರುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಒಂದು ಸಾಲಾಗಿ ಇದ್ದೇ ಇರುತ್ತದೆ.