ಪುಟ್ಟರಾಜ ಗವಾಯಿಗಳ ಪರಿಚಯಕ್ಕೆ ಐದು ನಿಮಿಷ

ಸೆಪ್ಟೆಂಬರ್ ಬಂತೆಂದರೆ ಗದಗ ಸುತ್ತಿನ ಊರುಗಳಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳ ಪುಣ್ಯಸ್ಮರಣೆ ಕಾರ್ಯಕ್ರಮಗಳು ಶುರುವಾಗುತ್ತವೆ. 'ನೀವು ಪೇಪರ್‌ನವರು, ಪರಿಚಯ ನೀವೇ ಮಾಡಿಕೊಡ್ರಿ' ಅಂತ ಮೈಕ್ ನಮ್ಮ ಕೈಗೆ ಬರುತ್ತದೆ. ಸಿಗುವುದು ಐದು ನಿಮಿಷ. ಬಹಳಷ್ಟು ಜನ ಆ ಐದು ನಿಮಿಷವನ್ನು ಪ್ರಶಸ್ತಿಗಳ ಪಟ್ಟಿ ಓದಿ ಮುಗಿಸುತ್ತಾರೆ. ನಾವು ಪ್ರಶಸ್ತಿಗೆ ಒಂದೇ ಸಾಲು ಇಟ್ಟುಕೊಂಡಿದ್ದೇವೆ: 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅಜ್ಜಾರು ಲಿಂಗೈಕ್ಯರಾದರು. ಆಗ ಅವರಿಗೆ 96 ವರ್ಷ. ಕೊನೆಯ ವರ್ಷ ಬಂದ ಪ್ರಶಸ್ತಿಯಿಂದ ಒಂದು ಜೀವಮಾನ ಅಳೆಯಲಿಕ್ಕಾಗುವುದಿಲ್ಲ.

ಹುಟ್ಟಿದ್ದು 1914ರಲ್ಲಿ, ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ. ಕೂಸಿದ್ದಾಗಲೇ ಕಣ್ಣು ಹೋದವು. ತಂದೆ ತಾಯಿಯೂ ಬೇಗ ಹೋದರು. ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನ ಕೈ ಹಾರ್ಮೋನಿಯಂ ಮೇಲೆ ಆಡುವುದನ್ನು ನೋಡಿ, ಮಾವ ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯ. ಬರೆದು ತೋರಿಸುವ ಮಾತೇ ಇಲ್ಲ, ಏನಿದ್ದರೂ ಕಿವಿಯಿಂದ ಕಿವಿಗೆ. ಇದನ್ನು ಹೇಳದೆ ಉಳಿದದ್ದೆಲ್ಲ ಹೇಳಿದರೆ ಪರಿಚಯ ಆಗುವುದಿಲ್ಲ ಅನ್ನುವುದು ನಮ್ಮ ಲೆಕ್ಕ.

1944ರಲ್ಲಿ ಗುರುಗಳು ತೀರಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂತು. ಸಂಗೀತ ಕಲಿಸುವುದಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅಲ್ಲಿಗೆ ಬರುವವರು ಬಡವರ ಮಕ್ಕಳು, ಅನಾಥರು, ಕಣ್ಣಿಲ್ಲದವರು. ಅವರಿಗೆ ಪಾಠಕ್ಕಿಂತ ಮೊದಲು ರೊಟ್ಟಿ ಬೇಕು, ಮಲಗಲು ಜಾಗ ಬೇಕು. ಫೀಸು ಕೇಳುವ ಹಾಗಿಲ್ಲ. ಅಜ್ಜಾರು ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು, ಅದರ ದುಡ್ಡು ಆಶ್ರಮದ ಒಲೆಗೆ ಹೋಯಿತು. ಊರೂರಿನವರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿದ್ದೂ ಅಲ್ಲಿಗೇ ಸೇರಿತು. ಹೀಗೆ 66 ವರ್ಷ. ತುಲಾಭಾರದ ಫೋಟೋ ನಮ್ಮ ಕಡೆ ಬಹಳ ಮನೆಗಳಲ್ಲಿದೆ, ಆ ನಾಣ್ಯಗಳು ಯಾರ ತಾಟಿಗೆ ಹೋದವು ಎಂದು ಕೇಳುವವರು ಕಡಿಮೆ.

ಆ ತಾಟಿನಲ್ಲಿ ಉಂಡವರಲ್ಲಿ ವೆಂಕಟೇಶ ಕುಮಾರ್ ಒಬ್ಬರು. ಬಳ್ಳಾರಿ ಸೀಮೆಯ ಜಾನಪದ ಹಾಡುಗಾರರ ಮಗ. ತೊಗಲು ಗೊಂಬೆಯಾಟದ ಬೆಳಗಲ್ಲು ವೀರಣ್ಣ ಅವರಿಗೆ ಸೋದರಮಾವ. 1968ರಲ್ಲಿ ಆ ಮಾವನೇ ತಂದು ಆಶ್ರಮಕ್ಕೆ ಸೇರಿಸಿದರು. ಹುಡುಗ ಸುಮಾರು ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತ. ಇವತ್ತು ದೇಶದ ದೊಡ್ಡ ಸಭೆಗಳಲ್ಲಿ ಅವರ ಹಾಡಿಕೆ ಇರುತ್ತದೆ.

ಆದರೆ ಎಲ್ಲರೂ ವೆಂಕಟೇಶ ಕುಮಾರ್ ಆಗಲಿಲ್ಲ. ಉಳಿದವರು ಹಳ್ಳಿಗಳಿಗೆ ಹೋದರು. ನಮ್ಮೂರಿಗೆ ಬಂದವರನ್ನು ಎಲ್ಲರೂ ಪೇಟಿ ಮಾಸ್ತರು ಅನ್ನುತ್ತಿದ್ದರು. ಅವರಿಗೂ ಕಣ್ಣಿರಲಿಲ್ಲ. ಮಠದ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿಕೊಂಡು, ಮೊದಲು ನಮ್ಮದೇ ಟವೆಲ್‌ನಿಂದ ನಮ್ಮ ಕಣ್ಣು ಕಟ್ಟಿಸುತ್ತಿದ್ದರು. 'ಕರಿ ಕೀ ಮುಟ್ಟಿ ನೋಡ್ರಿ. ಒಂದ್ ಕಡೆ ಎರಡು ಕೂಡಿರ್ತಾವ, ಒಂದ್ ಕಡೆ ಮೂರು. ಎರಡು ಇರೋ ಜೋಡಿಗೆ ಎಡಕ್ಕ ತಗಲಿದ ಬಿಳಿ ಕೀ ಐತಲ್ಲ, ಅದು ನಿಮ್ಮ ಸಾ.' ಅಲ್ಲಿಂದ ಬರೀ ಬಿಳಿ ಕೀ ಒತ್ತುತ್ತಾ ಮೇಲಿನ ಸಾಗೆ ಹೋದರೆ ಬಿಲಾವಲ್, ಎಲ್ಲ ಸ್ವರ ಶುದ್ಧ.

ಬೆರಳು ಒಂದು ಬಿಳಿ ಕೀ ಬಲಕ್ಕೆ ಸರಿದರೆ ಮಾಸ್ತರರಿಗೆ ಮೂರನೇ ಸ್ವರಕ್ಕೇ ಗೊತ್ತಾಗುತ್ತಿತ್ತು. ಅಲ್ಲಿಂದ ಬಿಳಿ ಕೀಗಳನ್ನೇ ಹತ್ತಿದರೆ ಗಾಂಧಾರ ತಗ್ಗುತ್ತದೆ, ಮುಂದೆ ನಿಷಾದವೂ ತಗ್ಗುತ್ತದೆ, ಬಿಲಾವಲ್ ಹೋಗಿ ಕಾಫಿ ಆಗುತ್ತದೆ. 'ಏ ತಮ್ಮಾ, ನಾ ಬಿಲಾವಲ್ ಕೇಳೀನಿ, ನೀ ಕಾಫಿ ಕುಡಸಾಕತ್ತಿ' ಅನ್ನುತ್ತಿದ್ದರು. ಬೈಯುತ್ತಿರಲಿಲ್ಲ. ನಮ್ಮ ಬೆರಳು ಹಿಡಿದು ಮತ್ತೆ ಎರಡು ಕರಿ ಕೀಗಳ ಎಡಕ್ಕೆ ತಂದು ಇಡುತ್ತಿದ್ದರು. ಫೀಸು ಅಂತ ಏನೂ ಇರಲಿಲ್ಲ. ಸುಗ್ಗಿಯಲ್ಲಿ ಯಾರಾದರೂ ಜೋಳ ಕಳಿಸಿದರೆ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, 'ಅಜ್ಜಾರು ನನ್ನ ಕಡೆ ತಗೊಂಡಿದ್ರೇನು?' ಅಂದಿದ್ದರು.

ನಮ್ಮ ಬ್ಯಾಚಿನಲ್ಲಿ ಕಲಿತವರು ಏಳು ಜನ. ಒಬ್ಬ ಊರ ಭಜನಾ ಮೇಳಕ್ಕೆ ಪೇಟಿ ನುಡಿಸುತ್ತಾನೆ, ಒಬ್ಬಾಕಿ ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಾಳೆ. ಮೈಕ್ ಹಿಡಿದಾಗ ನಾವು ಈ ಇಬ್ಬರ ಹೆಸರನ್ನೂ ಅಜ್ಜಾರ ಪರಿಚಯದಲ್ಲಿ ಸೇರಿಸಿ ಹೇಳುತ್ತೇವೆ.