ಗಟ್ಟು ಹೋದ, ಏಷ್ಯನ್ ಉಳಿಯಿತು

ಮುಂಬಯಿಯಲ್ಲಿ ನೆಲೆನಿಂತ ನಮ್ಮವರ ಎಷ್ಟೋ ಹೋಟೆಲುಗಳು, ಅಂಗಡಿಗಳು ಈಗ ಮೂರನೆಯ ತಲೆಮಾರಿನ ಕೈಗೆ ಬಂದಿವೆ. ಅಜ್ಜ ಬರೆಸಿದ ಫಲಕ ಮೊಮ್ಮಗನಿಗೆ ಹಳತಾಗಿ ಕಾಣುತ್ತದೆ. ಅದನ್ನು ಬದಲಿಸಿದರೆ ಹಳೆಯ ಗಿರಾಕಿ ಮುನಿಯುತ್ತಾನೆ, ಬದಲಿಸದಿದ್ದರೆ ಹೊಸಬ ಒಳಗೆ ಕಾಲಿಡುವುದಿಲ್ಲ. ಈ ಇಕ್ಕಟ್ಟಿಗೆ ಇದೇ ನಗರದ ಒಂದು ದೊಡ್ಡ ಮನೆತನದ ವ್ಯಾಪಾರ ಕೊಟ್ಟ ಉತ್ತರವನ್ನು ನಾವು ಗಮನಿಸಬಹುದು. ಅದರಲ್ಲಿ ಮೈಸೂರಿನವರೊಬ್ಬರ ಕೈವಾಡವೂ ಇದೆ.

1942ರಲ್ಲಿ ನಾಲ್ವರು ಗೆಳೆಯರು ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಬಣ್ಣ ತಯಾರಿಸತೊಡಗಿದರು. ತಮ್ಮ ಉದ್ಯಮಕ್ಕೆ ಅವರು ಇಟ್ಟ ಹೆಸರು ಏಷ್ಯನ್ ಆಯಿಲ್ ಅಂಡ್ ಪೇಂಟ್ ಕಂಪನಿ. ಪಟ್ಟಣದ ದೊಡ್ಡ ವಿತರಕರು ವಿದೇಶಿ ಕಂಪನಿಗಳ ಕೈಯಲ್ಲಿದ್ದುದರಿಂದ ಇವರು ಸಣ್ಣ ಡಬ್ಬಿಗಳನ್ನು ಹೊತ್ತು ಹಳ್ಳಿಗಳತ್ತ ಹೊರಟರು. ಮಹಾರಾಷ್ಟ್ರದ ಪೋಳಾ ಹಬ್ಬದಲ್ಲಿ ಎತ್ತಿನ ಕೋಡಿಗೆ ಬಳಿಯಲು ರೈತನಿಗೆ ಬೇಕಾದದ್ದು ಅಂಥ ಪುಟ್ಟ ಡಬ್ಬಿಯೇ. ಆದರೆ ಅಕ್ಷರ ಬಾರದವನು ಕಂಪನಿಯನ್ನು ಗುರುತಿಸುವುದು ಹೇಗೆ? 1954ರಲ್ಲಿ ಆರ್. ಕೆ. ಲಕ್ಷ್ಮಣ್ ಇದಕ್ಕೊಂದು ಚಿತ್ರ ಬರೆದುಕೊಟ್ಟರು. ಕೆದರಿದ ಕೂದಲು, ಕೈಯಲ್ಲಿ ಕುಂಚ, ಜೊತೆಗೆ ಬಣ್ಣದ ಡಬ್ಬಿ: ಇಂಥ ತುಂಟ ಹುಡುಗನಿಗೆ ಜನರಿಂದಲೇ ಸ್ಪರ್ಧೆಯ ಮೂಲಕ ಹೆಸರು ಕೇಳಲಾಯಿತು. ಅವನೇ ಗಟ್ಟು. 1967ರ ಹೊತ್ತಿಗೆ ಏಷ್ಯನ್ ಪೇಂಟ್ಸ್ ದೇಶದ ಅತಿ ದೊಡ್ಡ ಬಣ್ಣದ ಕಂಪನಿಯಾಗಿತ್ತು.

ಇಷ್ಟು ಪ್ರೀತಿಯ ಗುರುತನ್ನು ಅವರು 2000ರ ದಶಕದ ಆರಂಭದಲ್ಲಿ ಕೈಬಿಟ್ಟದ್ದೇಕೆ? ಗಿರಾಕಿಯೇ ಬೇರೆಯಾಗಿದ್ದ ಎಂಬುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಗಟ್ಟು ಬಣ್ಣ ಬಳಿಯುವವನ ಚಿತ್ರ. ಯಾವ ಡಬ್ಬಿ ತರಬೇಕೆಂದು ಪೇಂಟರನೂ ಅಂಗಡಿಯವನೂ ತೀರ್ಮಾನಿಸುತ್ತಿದ್ದ ಕಾಲಕ್ಕೆ ಅವನು ಸರಿಹೊಂದುತ್ತಿದ್ದ. ಅಂಗಡಿಯಲ್ಲೇ ಬೇಕಾದ ಛಾಯೆಯನ್ನು ಬೆರೆಸಿಕೊಡುವ ಯಂತ್ರಗಳು ಬಂದ ಮೇಲೆ ಆಯ್ಕೆ ಮನೆಯವರ ಕೈಗೆ ದಾಟಿತು. ಮನೆಯೊಡತಿ ಕೊಳ್ಳುವುದು ಡಬ್ಬಿಯನ್ನಲ್ಲ, ಗೋಡೆ ಹೇಗೆ ಕಾಣಬಹುದೆಂಬ ಕಲ್ಪನೆಯನ್ನು. ಆದ್ದರಿಂದ ಕಂಪನಿಯ ಮಾತೂ ಬದಲಾಯಿತು. ಪ್ರತಿ ಮನೆಯೂ ತನ್ನ ಬಗ್ಗೆ ಏನನ್ನೋ ಹೇಳುತ್ತದೆ ಎಂಬರ್ಥದ ಹಿಂದಿ ಜಾಹೀರಾತು ದೇಶವಿಡೀ ಕೇಳಿಸಿತು. ಆ ಮಾತಿನ ಪಕ್ಕದಲ್ಲಿ ಕುಂಚ ಹಿಡಿದ ಹುಡುಗ ಪರಕೀಯನಂತೆ ನಿಂತ.

ಆದರೆ ಇಲ್ಲಿ ಬದಲಾಗದೆ ಉಳಿದದ್ದನ್ನೂ ನೋಡಬೇಕು. ಹೆಸರಿನಲ್ಲಿ ಎಣ್ಣೆಯ ಭಾಗ ಕ್ರಮೇಣ ಉದುರಿತು, 'ಏಷ್ಯನ್' ಮಾತ್ರ ಅಲುಗಲಿಲ್ಲ. ಪೇಂಟರನ ಬಾಯಲ್ಲೂ ಅಂಗಡಿಯ ಬಿಲ್ಲಿನಲ್ಲೂ ನಿಂತಿದ್ದ ಪದ ಅದೊಂದೇ. ಚಿತ್ರ ಹೋದರೂ ಹಳೆಯವರು ಅದನ್ನು ಹಿಡಿದು ಅಂಗಡಿಗೆ ಬಂದರು. ಮುಂದೆ 2012ರಲ್ಲಿ ಅಕ್ಷರಗಳ ರೂಪವೇ ಹೊಸದಾದಾಗಲೂ ಪದ ಅದೇ ಆಗಿತ್ತು. ಹೆಸರು, ಚಿತ್ರ, ಮಾತು ಮೂರನ್ನೂ ಒಂದೇ ದಿನ ಬದಲಿಸಿದ್ದರೆ ಹಳೆಯ ಗಿರಾಕಿಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಒಂದೇ ಅಂಗಡಿಯ ಯಜಮಾನನಿಗೆ ದೇಶವ್ಯಾಪಿ ಜಾಹೀರಾತಿನ ಬಲವಿಲ್ಲ. ಆದರೂ ಅವನು ಒಂದು ವಾರ ಗಲ್ಲಾದ ಬಳಿ ಕುಳಿತು ಕಿವಿಗೊಡಬಹುದು. ಜನ ಅಂಗಡಿಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಫಲಕದ ಹೆಸರಿನಿಂದಲೋ, ಅಜ್ಜನ ಹೆಸರಿನಿಂದಲೋ, ಎದುರಿನ ರೈಲು ನಿಲ್ದಾಣದ ಹೆಸರಿನಿಂದಲೋ? ಬಾಯಲ್ಲಿರುವ ಪದವನ್ನು ಮುಟ್ಟಬಾರದು. ಫಲಕದಲ್ಲಿದ್ದೂ ಯಾರ ಬಾಯಲ್ಲೂ ಇಲ್ಲದ್ದನ್ನು ಧೈರ್ಯವಾಗಿ ತೆಗೆಯಬಹುದು. ಹೊಸ ಗುರುತನ್ನು ಹಾಕಿದ ಮೇಲೆ ಪೊಟ್ಟಣದ ಮೂಲೆಯಲ್ಲಿ ಹಳೆಯದನ್ನು ಕೆಲಕಾಲ ಸಣ್ಣದಾಗಿ ಉಳಿಸುವುದು ಲೇಸು. "ಯಜಮಾನರು ಬದಲಾದರೇ?" ಎಂದು ಹಳಬರು ಕೇಳತೊಡಗಿದರೆ ಬದಲಾವಣೆ ತೀರ ವೇಗವಾಯಿತೆಂದು ತಿಳಿಯಬೇಕು.

ಕಾನೂನಿನ ಒಂದು ಎಚ್ಚರಿಕೆಯೂ ಇದೆ. ನೋಂದಾಯಿತ ವ್ಯಾಪಾರ ಚಿಹ್ನೆಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕು. 5 ವರ್ಷಕ್ಕೂ ಹೆಚ್ಚು ಕಾಲ ಸತತವಾಗಿ ಅದನ್ನು ಬಳಸದಿದ್ದರೆ, ನೋಂದಣಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಅಜ್ಜನ ಚಿತ್ರವನ್ನು ಫಲಕದಿಂದ ಇಳಿಸಿದರೂ ಯಾವುದಾದರೊಂದು ಸರಕಿನ ಮೇಲೆ ಅದನ್ನು ನಿಜವಾಗಿಯೂ ಬಳಸುತ್ತಿರಬೇಕು. ಇಲ್ಲವಾದರೆ ಬೀದಿಯ ಕೊನೆಯಲ್ಲಿ ಇನ್ನೊಬ್ಬ ಅದೇ ಚಿತ್ರ ಹಚ್ಚಿ, ನಮ್ಮ ಹಳೆಯ ಗಿರಾಕಿಗಳನ್ನು ಅವರ ನೆನಪಿನ ಬಲದಿಂದಲೇ ಕರೆದೊಯ್ಯಬಲ್ಲ.